ಲಕ್ಷ್ಮಮ್ಮನೇ ಲಕ್ಷ್ಮಿದೇವಮ್ಮ ಎಂದು ತೋರಿಸುವುದು ಹೇಗೆ?

ನಮ್ಮ ಹಳ್ಳಿಗಳಲ್ಲಿ ಒಬ್ಬ ಹೆಂಗಸಿಗೆ ಮೂರು ಹೆಸರಿರುವುದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ತೊಟ್ಟಿಲಿಗೆ ಹಾಕಿದಾಗ ಇಟ್ಟ ಹೆಸರು ಒಂದು, ಶಾಲೆಯಲ್ಲಿ ಮೇಷ್ಟ್ರು ಬರೆದುಕೊಂಡದ್ದು ಇನ್ನೊಂದು, ಗಂಡನ ಮನೆಯವರ ಬಾಯಲ್ಲಿ ಉಳಿದದ್ದು ಮತ್ತೊಂದು. ಹುಟ್ಟಿದ ದಿನವಂತೂ ‘ಆ ವರ್ಷ ಕೆರೆ ಕೋಡಿ ಬಿದ್ದಿತ್ತು’ ಎನ್ನುವಷ್ಟರ ಮಟ್ಟಿಗೆ ಗೊತ್ತಿದ್ದರೆ ಸಾಕು. ಊರಿನಲ್ಲಿ ಇದರಿಂದ ಯಾವ ಕೆಲಸವೂ ನಿಲ್ಲುವುದಿಲ್ಲ. ನಿಲ್ಲುವುದು ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ, ಅದೂ ರೋಗಿಯನ್ನು ಒಳಗೆ ಮಲಗಿಸಿ ಆದಮೇಲೆ.

ಅಲ್ಲಿ ಏನಾಗುತ್ತದೆ ಎಂದು ತೋರಿಸಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹೆಸರು, ತಾರೀಕು, ಮೊತ್ತ ಎಲ್ಲ ನಾನು ಹಾಕಿಕೊಂಡದ್ದು. ಆದರೆ ನಡೆಯುವ ಕ್ರಮ ದಿನವೂ ನಡೆಯುವಂಥದ್ದೇ.

ಹಾಸನ ಜಿಲ್ಲೆಯ ಒಂದು ಹಳ್ಳಿಯ ಲಕ್ಷ್ಮಮ್ಮನಿಗೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ 2021ರ ಆಗಸ್ಟ್‌ನಲ್ಲಿ ಆರೋಗ್ಯ ವಿಮೆ ಮಾಡಿಸಿದ. ಏಜೆಂಟ್ ಫೋನಿನಲ್ಲೇ ವಿವರ ಕೇಳಿದರು. ಮನೆಯಲ್ಲಿ ಕರೆಯುವ ಹೆಸರನ್ನೇ ಮಗ ಹೇಳಿದ. ಅಮ್ಮನ ಹಳೆಯ ಟಿ.ಸಿ.ಯಲ್ಲಿ ಕಂಡದ್ದು ನೆನಪಿತ್ತು, ಹುಟ್ಟಿದ ದಿನ 12-06-1962 ಎಂದ. ಪಾಲಿಸಿಯಲ್ಲಿ `LAKSHMAMMA S` ಎಂದು ಅಚ್ಚಾಯಿತು. ಸೇರುವಾಗ ವಯಸ್ಸು 59. ಆಗ ಆರೋಗ್ಯ ವಿಮೆ ಕೊಳ್ಳುವಾಗಲೇ ಗುರುತಿನ ದಾಖಲೆ ತೋರಿಸಬೇಕೆಂಬ ಕಡ್ಡಾಯ ಇರಲಿಲ್ಲ. ಅದು ಬಂದದ್ದು 2023ರ ಜನವರಿ 1ರಿಂದ. ಹಾಗಾಗಿ ಅದಕ್ಕೂ ಹಿಂದಿನ ಎಷ್ಟೋ ಪಾಲಿಸಿಗಳಲ್ಲಿರುವುದು ಬಾಯಿಮಾತಿನ ವಿವರ.

ಆಧಾರ್ ಕಾರ್ಡಿನಲ್ಲಿ ಆಕೆ `LAKSHMIDEVAMMA`, ಹುಟ್ಟಿದ ದಿನ 01-01-1959. ಇದು 2011ರಲ್ಲಿ ಊರಿಗೆ ಬಂದ ಶಿಬಿರದಲ್ಲಿ ಆದ ಕೆಲಸ. ‘ವಯಸ್ಸೆಷ್ಟಮ್ಮ?’ ಎಂದಾಗ ಆಕೆ ‘ಐವತ್ತೆರಡಿರಬೇಕು ಕಣಪ್ಪ’ ಎಂದಳು. 2011ರಲ್ಲಿ 52 ಕಳೆದರೆ 1959, ದಿನ ಗೊತ್ತಿಲ್ಲದ್ದರಿಂದ ಜನವರಿ ಒಂದು. ನಮ್ಮ ದೇಶದಲ್ಲಿ ಜನವರಿ ಒಂದರಂದು ಹುಟ್ಟಿದ ಹಿರಿಯರು ಇಷ್ಟೊಂದು ಜನ ಇರುವುದಕ್ಕೆ ಇದೇ ಕಾರಣ.

2024ರ ನವೆಂಬರ್‌ನಲ್ಲಿ ಲಕ್ಷ್ಮಮ್ಮನಿಗೆ ಪಿತ್ತಕೋಶದ ಕಲ್ಲಿನ ನೋವು ಜಾಸ್ತಿಯಾಗಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ರಿಸೆಪ್ಷನ್‌ನಲ್ಲಿ ಆಧಾರ್ ಕೇಳಿದರು, ಅದರಲ್ಲಿದ್ದಂತೆ ಹೆಸರು ಬರೆದುಕೊಂಡರು, ವಯಸ್ಸು 65 ಎಂದು ಹಾಕಿದರು. ಅಲ್ಲಿಂದ ಮುಂದೆ ಕೇಸ್ ಶೀಟು, ಲ್ಯಾಬ್ ವರದಿ, ಔಷಧದ ಬಿಲ್ಲು ಎಲ್ಲವೂ ಆ ಹೆಸರಿನಲ್ಲೇ. ಮಗ ಕೊಟ್ಟ ಹೆಲ್ತ್ ಕಾರ್ಡಿನಲ್ಲಿ ಮಾತ್ರ ಬೇರೆ ಹೆಸರು, 62ರ ಬೇರೆ ವಯಸ್ಸು.

ಆಸ್ಪತ್ರೆಯ ಇನ್ಶೂರೆನ್ಸ್ ವಿಭಾಗ ಬೆಳಿಗ್ಗೆ ಹತ್ತೂವರೆಗೆ ಕ್ಯಾಶ್‌ಲೆಸ್ ಅರ್ಜಿಯನ್ನು ಟಿಪಿಎಗೆ ಕಳಿಸಿತು. ಟಿಪಿಎ ಎಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮುಗಳ ಕಾಗದಪತ್ರ ನೋಡುವ ಮಧ್ಯದ ಸಂಸ್ಥೆ. ವಿಮಾ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯೊಳಗೆ ಉತ್ತರ ಬರಬೇಕು. ಬಂತು ಕೂಡ. ಆದರೆ ಒಪ್ಪಿಗೆಯಲ್ಲ, ‘ಕ್ವೆರಿ’. ಪಾಲಿಸಿಯಲ್ಲಿರುವ ಹೆಸರಿಗೂ ಗುರುತಿನ ಚೀಟಿಗೂ ಹೊಂದುತ್ತಿಲ್ಲ, ಹುಟ್ಟಿದ ದಿನವೂ ಹೊಂದುತ್ತಿಲ್ಲ, ದಾಖಲೆಸಹಿತ ಸ್ಪಷ್ಟಪಡಿಸಿ ಎಂದು ಎರಡು ಸಾಲು. ಗಂಟೆಯ ಗಡುವೆಲ್ಲ ಇಲ್ಲಿಗೆ ಬಂದು ನಿಂತುಬಿಡುತ್ತದೆ. ಕ್ವೆರಿಗೆ ಉತ್ತರ ಹೋಗುವವರೆಗೆ ಫೈಲು ಅಲುಗುವುದಿಲ್ಲ.

ಆ ಎರಡು ಸಾಲಿನಲ್ಲಿರುವುದು ಒಂದೇ ಪ್ರಶ್ನೆಯಲ್ಲ, ಎರಡು. ನಮ್ಮ ಜನ, ಎಷ್ಟೋ ಸಲ ಆಸ್ಪತ್ರೆಯ ಕೌಂಟರಿನವರೂ, ಅವೆರಡನ್ನೂ ಕಲಸಿಬಿಡುತ್ತಾರೆ. ಹೆಸರಿನ ಪ್ರಶ್ನೆ ಎಂದರೆ ‘ಮಂಚದ ಮೇಲಿರುವವರು ನಾವು ವಿಮೆ ಕೊಟ್ಟ ವ್ಯಕ್ತಿಯೇ?’ ಎಂಬುದು. ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರಿಗೆ ಚಿಕಿತ್ಸೆ ಮಾಡಿಸುವ ಮೋಸ ನಡೆಯುವುದುಂಟು, ಹಾಗಾಗಿ ಕೇಳುವುದು ತಪ್ಪಲ್ಲ. ಇಬ್ಬರೂ ಒಬ್ಬರೇ ಎಂದು ತೋರಿಸಿದರೆ ಆ ಮಾತು ಅಲ್ಲಿಗೆ ಮುಗಿಯುತ್ತದೆ. ಹುಟ್ಟಿದ ದಿನದ ಪ್ರಶ್ನೆ ಹಾಗಲ್ಲ. ಅದರ ಹಿಂದೆ ದುಡ್ಡಿನ ಲೆಕ್ಕವಿದೆ. ಆರೋಗ್ಯ ವಿಮೆಯ ಪ್ರೀಮಿಯಂ ವಯಸ್ಸಿನ ಮೇಲೆ ನಿಂತಿರುತ್ತದೆ, ಕೆಲವು ಷರತ್ತುಗಳೂ ಅಷ್ಟೆ. ವ್ಯಕ್ತಿ ಒಬ್ಬರೇ ಎಂದು ಸಾಬೀತಾದಮೇಲೂ ‘ಹಾಗಾದರೆ ವಯಸ್ಸು ಯಾವುದು ಸರಿ?’ ಎಂಬುದು ಉಳಿದೇ ಇರುತ್ತದೆ.

ಲಕ್ಷ್ಮಮ್ಮನ ಪಾಲಿಸಿಯಲ್ಲಿ ಹಲವು ಪಾಲಿಸಿಗಳಲ್ಲಿ ಇರುವಂಥ ಒಂದು ಷರತ್ತಿತ್ತು ಎಂದುಕೊಳ್ಳಿ: 60 ತುಂಬಿದ ಮೇಲೆ ಸೇರಿದವರು ಪ್ರತಿ ಕ್ಲೇಮಿನಲ್ಲಿ 20% ತಮ್ಮ ಕೈಯಿಂದ ಹಾಕಬೇಕು. ಇದಕ್ಕೆ ಕೋ-ಪೇ ಎನ್ನುತ್ತಾರೆ. ಪಾಲಿಸಿಯಲ್ಲಿದ್ದ ದಿನಾಂಕದಂತೆ ಆಕೆ 59ಕ್ಕೆ ಸೇರಿದವಳು, ಕೋ-ಪೇ ಇಲ್ಲ. ಆಧಾರ್‌ನಂತೆ 62ಕ್ಕೆ ಸೇರಿದವಳು, ಇದೆ. ಬಿಲ್ಲು 1,40,000 ರೂಪಾಯಿ ಆದರೆ 28,000 ರೂಪಾಯಿ ಯಾರ ಜೇಬಿನಿಂದ ಎಂಬುದನ್ನು ಆ ಮೂರೂವರೆ ವರ್ಷದ ಅಂತರವೇ ತೀರ್ಮಾನಿಸುತ್ತದೆ. ಅದು ಸಾಲದೆಂದು ಪ್ರೀಮಿಯಂ ಪಟ್ಟಿಯೂ ಇದೆ. 56ರಿಂದ 60ರವರೆಗೆ ಒಂದು ದರ, 61ರಿಂದ 65ಕ್ಕೆ ಇನ್ನೊಂದು. ವರ್ಷಕ್ಕೆ 4,000 ರೂಪಾಯಿ ವ್ಯತ್ಯಾಸವೆಂದರೂ, 2021 ಮತ್ತು 2022ರ ಎರಡು ಕಂತಿಗೆ 8,000 ರೂಪಾಯಿ ಕಂಪನಿಗೆ ಕಮ್ಮಿ ಬಂದಂತಾಯಿತು. ಟಿಪಿಎಯ ಕಂಪ್ಯೂಟರ್ ಮುಂದೆ ಕೂತ ಹುಡುಗನಿಗೆ ಇದನ್ನು ಒಂದು ಗಂಟೆಯಲ್ಲಿ ಬಗೆಹರಿಸುವ ಅಧಿಕಾರ ಇರುವುದಿಲ್ಲ.

ಮಗ ಮರುದಿನ ನೋಟರಿಯ ಹತ್ತಿರ ಹೋಗಿ ಅಫಿಡವಿಟ್ ಮಾಡಿಸಿದ. ಲಕ್ಷ್ಮಮ್ಮ ಮತ್ತು ಲಕ್ಷ್ಮಿದೇವಮ್ಮ ಇಬ್ಬರೂ ಒಬ್ಬಳೇ ಎಂಬ ಪ್ರಮಾಣಪತ್ರ. ನ್ಯಾಯಾಲಯಗಳ ಹೊರಗೆ ಬೆರಳಚ್ಚು ಯಂತ್ರ ಇಟ್ಟುಕೊಂಡು ಕೂತವರಿಗೆ ಇದರ ಒಕ್ಕಣೆ ಬಾಯಿಪಾಠ. ಟಿಪಿಎ ಹೆಸರಿನ ಮಟ್ಟಿಗೆ ಅದನ್ನು ಒಪ್ಪಿತು. ಅದೇ ಅಫಿಡವಿಟ್‌ನಲ್ಲಿ ‘ನನ್ನ ನಿಜವಾದ ಹುಟ್ಟಿದ ದಿನ 12-06-1962’ ಎಂದೂ ಬರೆಸಿದ್ದನ್ನು ಒಪ್ಪಲಿಲ್ಲ. ಈ ಪ್ರಮಾಣಪತ್ರದ ಶಕ್ತಿ ಅಷ್ಟಕ್ಕೇ ನಿಲ್ಲುವುದು. ನನ್ನನ್ನು ಎರಡು ಹೆಸರಿನಿಂದ ಕರೆಯುತ್ತಾರೆ ಎಂದು ನಾನೇ ಆಣೆ ಮಾಡಿ ಹೇಳಬಹುದು. ಆದರೆ ನಾನು ಯಾವತ್ತು ಹುಟ್ಟಿದೆ ಎಂಬುದಕ್ಕೆ ನಾನೇ ಸಾಕ್ಷಿಯಾಗಲು ಬರುವುದಿಲ್ಲ. ಅದಕ್ಕೆ ಆ ಕಾಲದಲ್ಲಿ ಬೇರೆಯವರು ಬರೆದಿಟ್ಟ ಕಾಗದ ಬೇಕು.

ಮೂರನೆಯ ದಿನ ಕ್ಯಾಶ್‌ಲೆಸ್ ತಿರಸ್ಕೃತವಾಯಿತು. ಮಗ ಅಲ್ಲಿ ಇಲ್ಲಿ ಹೊಂದಿಸಿ 1,40,000 ರೂಪಾಯಿ ಕಟ್ಟಿ ಅಮ್ಮನನ್ನು ಮನೆಗೆ ಕರೆದುಕೊಂಡು ಹೋದ. ಎಷ್ಟೋ ಮನೆಗಳಲ್ಲಿ ಕಥೆ ಇಲ್ಲಿಗೇ ಮುಗಿದುಹೋಗುತ್ತದೆ, ‘ಇನ್ಶೂರೆನ್ಸ್‌ನವರು ಕೊಡಲಿಲ್ಲ’ ಎಂಬ ಮಾತಿನೊಂದಿಗೆ. ಆದರೆ ಕ್ಯಾಶ್‌ಲೆಸ್ ನಿರಾಕರಣೆ ಎಂದರೆ ಕ್ಲೇಮಿನ ನಿರಾಕರಣೆ ಅಲ್ಲ. ಈಗಲೇ ಆಸ್ಪತ್ರೆಗೆ ನೇರವಾಗಿ ಕಟ್ಟಲಾರೆವು ಎಂದಷ್ಟೇ ಅದರ ಅರ್ಥ. ಬಿಲ್ಲು ಕಟ್ಟಿ, ಮೂಲ ಕಾಗದಗಳನ್ನು ಪಾಲಿಸಿಯಲ್ಲಿ ಹೇಳಿದ ಅವಧಿಯೊಳಗೆ ಕಳಿಸಿ ಮರುಪಾವತಿ ಕೇಳುವ ದಾರಿ ತೆರೆದೇ ಇರುತ್ತದೆ.

ಮಗ ಮಾಡಿದ ಒಳ್ಳೆಯ ಕೆಲಸವೆಂದರೆ ಅಮ್ಮ ನಾಲ್ಕನೆಯ ಕ್ಲಾಸಿನವರೆಗೆ ಓದಿದ್ದ ಸರ್ಕಾರಿ ಶಾಲೆಗೆ ಹೋದದ್ದು. ಟಿ.ಸಿ. ಎಲ್ಲೋ ಕಳೆದಿತ್ತು. ಆದರೆ ಶಾಲೆಯ ದಾಖಲಾತಿ ರಿಜಿಸ್ಟರ್ ಬೀರುವಿನಲ್ಲಿತ್ತು, ಅಂಚು ತಿಂದ ಹಾಳೆಗಳು, ಮಾಸಿದ ಮಸಿ. 1968ರ ಸಾಲಿನಲ್ಲಿ ‘ಲಕ್ಷ್ಮಿದೇವಿ’, ತಂದೆ ಸಿದ್ದೇಗೌಡ, ಹುಟ್ಟಿದ ದಿನ 12-06-1962. ಮೂರನೆಯ ಹೆಸರು ಇಲ್ಲಿ ಸಿಕ್ಕಿತು! ಮುಖ್ಯಶಿಕ್ಷಕರು ಆ ಪುಟದ ದೃಢೀಕೃತ ನಕಲು ಕೊಟ್ಟರು. ತಂದೆಯ ಹೆಸರು, ಊರು ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಹೊಂದಿಕೊಂಡಿದ್ದರಿಂದ ಹೆಸರಿನ ಈ ಮೂರನೆಯ ರೂಪ ತೊಡಕಾಗಲಿಲ್ಲ.

ಆಧಾರ್ ಒಂದು ಹೇಳುತ್ತದೆ, ಶಾಲೆಯ ದಾಖಲೆ ಇನ್ನೊಂದು ಹೇಳುತ್ತದೆ ಎಂದಾಗ ಯಾವುದರ ಮಾತು ನಡೆಯಬೇಕು? ಆಧಾರ್ ಗುರುತಿಗೆ ಪುರಾವೆಯೇ ಹೊರತು ಹುಟ್ಟಿದ ದಿನಕ್ಕಲ್ಲ ಎಂದು ಅದನ್ನು ಕೊಡುವ ಪ್ರಾಧಿಕಾರವೇ 2023ರಲ್ಲಿ ಸುತ್ತೋಲೆಯಲ್ಲಿ ಹೇಳಿತ್ತು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ರಸ್ತೆ ಅಪಘಾತದ ಪರಿಹಾರದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಸತ್ತ ವ್ಯಕ್ತಿಯ ವಯಸ್ಸು ಆಧಾರ್‌ನಂತೆ 47, ಶಾಲೆ ಬಿಟ್ಟ ಪ್ರಮಾಣಪತ್ರದಂತೆ 45. ಹೈಕೋರ್ಟ್ ಆಧಾರ್ ಹಿಡಿದಿತ್ತು. ಸುಪ್ರೀಂ ಕೋರ್ಟ್ ಶಾಲೆಯ ದಾಖಲೆಯನ್ನು ಹಿಡಿಯಿತು. ಅದು ಆರೋಗ್ಯ ವಿಮೆಯ ಪ್ರಕರಣವಲ್ಲ, ನಿಜ. ಆದರೂ ಕಂಪನಿಗೆ ಬರೆಯುವ ಪತ್ರದಲ್ಲಿ ಉಲ್ಲೇಖಿಸಲು ಇದಕ್ಕಿಂತ ಗಟ್ಟಿ ಆಧಾರ ಬೇರೆ ಬೇಕಿಲ್ಲ. ಇಷ್ಟಾದರೂ ಆಸ್ಪತ್ರೆಯಿಂದ ಹಿಡಿದು ಎಲ್ಲ ಕಡೆ ಮೊದಲು ಕೇಳುವುದು ಆಧಾರನ್ನೇ, ವಯಸ್ಸು ಬರೆದುಕೊಳ್ಳುವುದೂ ಅದರಿಂದಲೇ. ಗುರುತಿಗೆಂದು ಮಾಡಿದ ಕಾರ್ಡನ್ನು ಜಾತಕದಂತೆ ಓದುವ ಈ ಅಭ್ಯಾಸದಿಂದಲೇ ಅರ್ಧ ತೊಂದರೆ ಹುಟ್ಟುತ್ತಿದೆ ಎಂದು ನನಗನ್ನಿಸುತ್ತದೆ.

ಒಂದು ವೇಳೆ ರಿಜಿಸ್ಟರಿನಲ್ಲೂ 1959 ಎಂದೇ ಇದ್ದಿದ್ದರೆ? ಆಗ ಕೋ-ಪೇ 28,000 ಕಳೆದು 1,12,000 ರೂಪಾಯಿ ಕೇಳುವುದೇ ದಾರಿ, ಪ್ರೀಮಿಯಂ ವ್ಯತ್ಯಾಸದ ಲೆಕ್ಕಕ್ಕೂ ಸಿದ್ಧವಾಗಬೇಕು. ವಯಸ್ಸು ತಪ್ಪಿದ್ದು ಕೈತಪ್ಪಿನಿಂದ ಎಂದು ಒಪ್ಪಿಕೊಂಡು ಬರೆದುಕೊಟ್ಟವರಿಗೂ, ಇಲ್ಲದ ಪ್ರಮಾಣಪತ್ರ ಹುಟ್ಟಿಸಿಕೊಂಡು ಹೋದವರಿಗೂ ತುಂಬ ವ್ಯತ್ಯಾಸವಿದೆ. ಮೊದಲನೆಯದು ಲೆಕ್ಕ ಸರಿಪಡಿಸುವ ಮಾತು, ಎರಡನೆಯದು ವಂಚನೆ. ವಂಚನೆ ಸಾಬೀತಾದರೆ ಇಡೀ ಕ್ಲೇಮ್ ಹೋಗುತ್ತದೆ, ಪಾಲಿಸಿಯೂ ಹೋಗಬಹುದು.

ಹೆಸರಿನ ವಿಷಯಕ್ಕೆ ಬಂದರೆ ಕನ್ನಡಿಗರದ್ದು ವಿಶೇಷ ಕಷ್ಟ. ಹಳೆ ಮೈಸೂರಿನವರಿಗೆ ಇನಿಷಿಯಲ್, ಮುಂದೆಯೋ ಹಿಂದೆಯೋ ಗೊತ್ತಿಲ್ಲ. ಒಂದು ಅಕ್ಷರ ಊರಿನದು, ಇನ್ನೊಂದು ಅಪ್ಪನದು. ಕಂಪನಿಯ ಅರ್ಜಿಯಲ್ಲಿ ‘ಕೊನೆಯ ಹೆಸರು’ ಎಂಬ ಖಾನೆ ಖಾಲಿ ಬಿಡಲು ಆಗುವುದಿಲ್ಲವಾದ್ದರಿಂದ ಊರಿನ ಹೆಸರೇ ಮನೆತನದ ಹೆಸರಾಗಿ ಕೂರುತ್ತದೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಇದೆ, ಆದರೆ ನಡುವೆ ಅಪ್ಪನ ಹೆಸರು ಒಂದು ಕಾರ್ಡಿನಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಇದರ ಮೇಲೆ ಕನ್ನಡದ ಹೆಸರನ್ನು ರೋಮನ್ ಅಕ್ಷರಕ್ಕೆ ಇಳಿಸುವ ಪಾಡು ಬೇರೆ. ಒಬ್ಬನೇ ಮಂಜುನಾಥ `MANJUNATH`, `MANJUNATHA`, `MANJUNATA` ಆಗುತ್ತಾನೆ. ಒಂದೇ ಗೌಡರು `GOWDA` ಮತ್ತು `GOUDA`. ಇಂಥ ಒಂದೆರಡು ಅಕ್ಷರದ ವ್ಯತ್ಯಾಸಕ್ಕೆ ಹುಟ್ಟಿದ ದಿನ, ವಿಳಾಸ, ಮೊಬೈಲ್ ನಂಬರ್ ಹೊಂದಿಕೊಂಡರೆ ಸಾಮಾನ್ಯವಾಗಿ ಯಾರೂ ತಕರಾರು ತೆಗೆಯುವುದಿಲ್ಲ. ಹೆಸರೂ ಬೇರೆ, ದಿನವೂ ಬೇರೆ ಆದಾಗಲೇ ಅನುಮಾನ ಏಳುವುದು. ಲಕ್ಷ್ಮಮ್ಮನಿಗೆ ಆದದ್ದು ಅದೇ.

ಕೆಲಸದ ಕಂಪನಿ ಕೊಡಿಸುವ ಗುಂಪು ವಿಮೆಯಲ್ಲಿ ಬೇರೊಂದು ಬಗೆಯ ತಪ್ಪು ನುಸುಳುತ್ತದೆ. ಅಲ್ಲಿ ಎಲ್ಲರ ವಿವರವೂ ಎಕ್ಸೆಲ್ ಹಾಳೆಯಲ್ಲಿ ಹೋಗುವುದರಿಂದ ದಿನ ಮತ್ತು ತಿಂಗಳು ಅದಲುಬದಲಾಗುತ್ತವೆ. ಜುಲೈ 5 ಮೇ 7 ಆಗಿಬಿಡುತ್ತದೆ. 12ಕ್ಕಿಂತ ದೊಡ್ಡ ತಾರೀಕಾದರೆ ಹೀಗಾಗುವುದಿಲ್ಲ, ಅಂಥ ತಿಂಗಳೇ ಇಲ್ಲವಲ್ಲ! ಹಾಗಾಗಿ ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ಹುಟ್ಟಿದವರು ತಮ್ಮ ಇ-ಕಾರ್ಡನ್ನು ಒಮ್ಮೆ ಬಿಚ್ಚಿ ನೋಡುವುದು ಲೇಸು. ತಪ್ಪಿದ್ದರೆ ಎಚ್.ಆರ್. ವಿಭಾಗದ ಒಂದು ಮಿಂಚಂಚೆಯಲ್ಲಿ ಸರಿಯಾಗುತ್ತದೆ.

ಇಷ್ಟು ಹೊತ್ತು ಪಾಲಿಸಿ ಮತ್ತು ಕಾರ್ಡಿನ ಮಾತಾಯಿತು. ಆಸ್ಪತ್ರೆಯ ಕಾಗದಗಳಲ್ಲಿ ಇದಕ್ಕಿಂತ ಅಪಾಯದ ತಾರೀಕು ಒಂದಿದೆ. ಅದು ಹುಟ್ಟಿದ ದಿನವಲ್ಲ, ಕಾಯಿಲೆ ಶುರುವಾದ ದಿನ. ರಾತ್ರಿ ಪಾಳಿಯ ಕಿರಿಯ ವೈದ್ಯರು ಕೇಸ್ ಶೀಟ್ ಬರೆಯುತ್ತ ‘ಶುಗರ್ ಎಷ್ಟು ವರ್ಷದಿಂದ?’ ಎಂದು ಕೇಳುತ್ತಾರೆ. ರೋಗಿ ನೋವಿನಲ್ಲಿರುತ್ತಾರೆ. ಪಕ್ಕದಲ್ಲಿ ನಿಂತ ನೆಂಟರು ‘ಒಂದು ಐದಾರು ವರ್ಷ ಆಗಿರಬೇಕು ಸಾರ್’ ಎನ್ನುತ್ತಾರೆ. ಅವರು ಆರು ಎಂದು ಬರೆಯುತ್ತಾರೆ. ಪಾಲಿಸಿ ತೆಗೆದುಕೊಂಡು ಮೂರು ವರ್ಷವಾಗಿದ್ದರೆ, ಆ ಒಂದು ಅಂಕಿಯಿಂದ ‘ಕಾಯಿಲೆ ಮೊದಲೇ ಇತ್ತು, ಅರ್ಜಿಯಲ್ಲಿ ಮುಚ್ಚಿಟ್ಟಿದ್ದಾರೆ’ ಎಂಬ ಆಪಾದನೆ ತಯಾರಾಗುತ್ತದೆ. ನಿಜಕ್ಕೂ ಶುಗರ್ ಗೊತ್ತಾಗಿದ್ದು ಎರಡು ವರ್ಷದ ಹಿಂದೆ ಇರಬಹುದು. ಹೆಸರು ತಪ್ಪಿದರೆ ದುಡ್ಡು ತಡವಾಗುತ್ತದೆ, ಈ ಅಂಕಿ ತಪ್ಪಿದರೆ ದುಡ್ಡೇ ಬರದಿರಬಹುದು.

ಈ ತಪ್ಪನ್ನು ಹಿಡಿಯಬೇಕಾದ ಜಾಗ ಡಿಸ್ಚಾರ್ಜ್ ಸಮರಿ. ಮನೆಗೆ ಹೋಗುವ ಗಡಿಬಿಡಿಯಲ್ಲಿ ಅದನ್ನು ಮಡಚಿ ಚೀಲಕ್ಕೆ ಹಾಕುವ ಬದಲು ವಾರ್ಡಿನಲ್ಲೇ ಕೂತು ಓದಿ. ಹೆಸರು, ವಯಸ್ಸು, ದಾಖಲಾದ ತಾರೀಕು ಮತ್ತು ಗಂಟೆ, ಬಿಡುಗಡೆಯ ಗಂಟೆ, ಹಳೆಯ ಕಾಯಿಲೆಗಳ ಸಾಲು, ಇಷ್ಟು ನೋಡಿದರೆ ಸಾಕು. ಗಂಟೆಯನ್ನೂ ಯಾಕೆ ನೋಡಬೇಕೆಂದರೆ, ಡೇ-ಕೇರ್ ಚಿಕಿತ್ಸೆಗಳನ್ನು ಬಿಟ್ಟರೆ ಸಾಮಾನ್ಯವಾಗಿ 24 ಗಂಟೆ ಒಳರೋಗಿಯಾಗಿದ್ದರೆ ಮಾತ್ರ ಕ್ಲೇಮ್. ಬೆಳಿಗ್ಗೆ 9ಕ್ಕೆ ತುರ್ತು ವಿಭಾಗಕ್ಕೆ ಬಂದವರನ್ನು ಮಧ್ಯಾಹ್ನ 2ಕ್ಕೆ ದಾಖಲಾದಂತೆ ಬರೆದು, ಮರುದಿನ 11ಕ್ಕೆ ಬಿಟ್ಟರೆ 21 ಗಂಟೆಯಾಯಿತು. ತಪ್ಪು ಕಂಡರೆ ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಕೇಳಿ. ಹಳೆಯದನ್ನು ಒಂದು ಗೆರೆ ಎಳೆದು ಹೊಡೆದು, ಸರಿಯಾದದ್ದನ್ನು ಬರೆದು, ಸಹಿ, ತಾರೀಕು ಹಾಕಬೇಕು. ವೈಟ್ನರ್ ಹಚ್ಚಿದ ಕಾಗದ ಯಾರಿಗೂ ಬೇಡ. ಶುಗರಿನ ವರ್ಷ ತಪ್ಪಾಗಿದ್ದರೆ ಮೊದಲ ಸಲ ಶುಗರ್ ಪತ್ತೆಯಾದಾಗಿನ ಲ್ಯಾಬ್ ಚೀಟಿ ಅಥವಾ ವೈದ್ಯರ ಚೀಟಿ ತೋರಿಸಿ. ಸಮರಿಯೊಂದನ್ನೇ ತಿದ್ದಿದರೆ ಸಾಲದು, ಒಳಗಿನ ಕೇಸ್ ಶೀಟಿನಲ್ಲೂ ತಿದ್ದುಪಡಿ ಆಗಬೇಕು. ತನಿಖೆಗೆ ಬರುವವರು ಅದನ್ನೂ ತರಿಸಿ ಹೋಲಿಸುತ್ತಾರೆ. ಕ್ಲೇಮ್ ತಿರಸ್ಕೃತವಾಗಿ ಎರಡು ತಿಂಗಳ ಮೇಲೆ ತಂದ ತಿದ್ದುಪಡಿ ಪತ್ರ ಎಷ್ಟು ಸತ್ಯವಾಗಿದ್ದರೂ ಅನುಮಾನಕ್ಕೆ ಗುರಿಯಾಗುತ್ತದೆ.

ಪಾಲಿಸಿಗೆ ಐದು ವರ್ಷ ತುಂಬಿದವರಿಗೆ ಇಲ್ಲೊಂದು ಸಮಾಧಾನವಿದೆ. 60 ತಿಂಗಳು ಬಿಡದೆ ನವೀಕರಿಸಿಕೊಂಡು ಬಂದ ಪಾಲಿಸಿಯಲ್ಲಿ, ವಂಚನೆ ಸಾಬೀತಾದ ಹೊರತು, ವಿವರ ಮುಚ್ಚಿಟ್ಟಿರಿ ಅಥವಾ ತಪ್ಪು ಹೇಳಿದಿರಿ ಎಂಬ ಕಾರಣಕ್ಕೆ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ಮೊದಲು ಈ ಅವಧಿ ಎಂಟು ವರ್ಷವಿತ್ತು, 2024ರಲ್ಲಿ ಐದಕ್ಕೆ ಇಳಿಯಿತು. ಲಕ್ಷ್ಮಮ್ಮನದು ಇನ್ನೂ ನಾಲ್ಕನೆಯ ವರ್ಷ, ಆ ರಕ್ಷಣೆ ಆಕೆಗಿರಲಿಲ್ಲ.

ಆರೋಗ್ಯ ಚೆನ್ನಾಗಿರುವಾಗಲೇ ತಿದ್ದಿಸುವುದಾದರೆ ಯಾವುದನ್ನು ತಿದ್ದಿಸಬೇಕು? ಬಹಳ ಜನ ಆಧಾರ್ ಕೇಂದ್ರಕ್ಕೆ ಓಡುತ್ತಾರೆ. ನಿಲ್ಲಿ. ಆಧಾರ್‌ನಲ್ಲಿ ಹುಟ್ಟಿದ ದಿನ ಬದಲಿಸಲು ಸಿಗುವುದು ಒಂದೇ ಅವಕಾಶ, ಹೆಸರಿಗೆ ಎರಡು. ಪಾಲಿಸಿಗೆ ಹೊಂದಿಸಲೆಂದು ಆ ಅವಕಾಶವನ್ನು ಖರ್ಚು ಮಾಡಿದರೆ ನಾಳೆ ಪಿಂಚಣಿಯಲ್ಲೋ ಬ್ಯಾಂಕಿನಲ್ಲೋ ಹೊಸ ಗಂಟು ಬೀಳುತ್ತದೆ. ಪಾಲಿಸಿಯನ್ನು ತಿದ್ದಿಸುವುದು ಸುಲಭ. ಇದಕ್ಕೆ ಎಂಡಾರ್ಸ್‌ಮೆಂಟ್ ಎನ್ನುತ್ತಾರೆ. ಪಾಲಿಸಿ ನಂಬರ್ ಹಾಕಿ, ತಪ್ಪೇನು ಸರಿಯೇನು ಎಂದು ಬರೆದು, ದಾಖಲೆ ಲಗತ್ತಿಸಿ ಕಂಪನಿಗೆ ಮಿಂಚಂಚೆ ಕಳಿಸಿದರಾಯಿತು. ತಿದ್ದುಪಡಿಯ ಹಾಳೆ ಕೈಗೆ ಬರುವವರೆಗೆ ಬಿಡಬೇಡಿ, ‘ಆಗಿದೆ ಸಾರ್’ ಎಂಬ ಏಜೆಂಟರ ಫೋನಿಗೆ ಬೆಲೆಯಿಲ್ಲ. ಹುಟ್ಟಿದ ದಿನ ಬದಲಾದರೆ ಪ್ರೀಮಿಯಂ ಹೆಚ್ಚಬಹುದು, ಕಟ್ಟಿಬಿಡಿ. ಆಧಾರ್‌ನದೇ ತಪ್ಪು, ಕೈಯಲ್ಲಿ ಗಟ್ಟಿ ದಾಖಲೆ ಇದೆ ಎಂದಾದರೆ ಮಾತ್ರ ಆ ಒಂದು ಅವಕಾಶವನ್ನು ಬಳಸಿ.

ಇಷ್ಟೆಲ್ಲ ಕೊಟ್ಟಮೇಲೂ ಕಂಪನಿ ಇಲ್ಲವೆಂದರೆ ಯಾವ ಷರತ್ತಿನ ಪ್ರಕಾರ ಎಂದು ಲಿಖಿತವಾಗಿ ಕೇಳಿ. ಷರತ್ತು ಹೆಸರಿಸದೆ, ಕಂಪನಿಯೊಳಗಿನ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂಬುದು ಈಗ ನಿಯಮ. ‘ಹೆಸರು ಹೊಂದುತ್ತಿಲ್ಲ’ ಎಂಬುದು ಪಾಲಿಸಿಯ ಷರತ್ತಲ್ಲ. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ತಕರಾರು ಕೇಳುತ್ತಾರೆ. ಒಂದು ವರ್ಷದೊಳಗೆ ಹೋಗಬೇಕು.

ಲಕ್ಷ್ಮಮ್ಮನ ಮಗ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಶಾಲೆಯ ನಕಲು, ಅಫಿಡವಿಟ್, ಒಂದು ಪುಟದ ಪತ್ರ ಹೋದಮೇಲೆ ಕೋ-ಪೇ ಹಿಡಿಯದೆ ಕ್ಲೇಮ್ ಪಾಸಾಯಿತು. ಮುಂದಿನ ನವೀಕರಣದಲ್ಲಿ ಹೆಸರನ್ನೂ ಆಧಾರ್‌ನಲ್ಲಿದ್ದಂತೆ ತಿದ್ದಿಸಿದ. ಆಧಾರ್‌ನ ಜನವರಿ ಒಂದನ್ನು ತಿದ್ದಿಸಲು ಅದೇ ಶಾಲೆಯ ದಾಖಲೆ ಹಿಡಿದು ಹೊರಟಾಗ ಕೇಂದ್ರದವರು ಕೇಳಿದ್ದು: ‘ಇದರಲ್ಲಿ ಲಕ್ಷ್ಮಿದೇವಿ ಅಂತಿದೆಯಲ್ಲ, ಯಾರು ಇವರು?’